ಒಂದು ಸಾಲು ಕೆಳಗಿನ ಅಂಕ

ಚೆನ್ನೈನ ಪಲ್ಲಾವರಂನಲ್ಲಿ ನಾನು ಪಾಠ ಹೇಳುವ ಶಾಲೆಯಲ್ಲಿ ಹತ್ತನೆಯ ತರಗತಿಯ ಮಕ್ಕಳಿಗೆ ಪಬ್ಲಿಕ್ ಪರೀಕ್ಷೆಗೂ ಮೊದಲೇ ಹನ್ನೊಂದನೆಯ ತರಗತಿಯಲ್ಲಿ ಓದಬೇಕಾದ ವಿಷಯಗಳ ಗ್ರೂಪ್ ಹಂಚುತ್ತಾರೆ. ರಿವಿಷನ್ ಪರೀಕ್ಷೆಯ ಅಂಕಗಳೇ ಅದಕ್ಕೆ ಆಧಾರ. ಗಣಿತದಲ್ಲಿ ಎಪ್ಪತ್ತು ದಾಟಿದವರಿಗೆ ಗಣಿತವಿರುವ ಗ್ರೂಪು, ಉಳಿದವರಿಗೆ ಗಣಿತವಿಲ್ಲದ ವಿಜ್ಞಾನ ಅಥವಾ ಕಾಮರ್ಸ್. ಆ ದಿನ ತಂದೆತಾಯಂದಿರ ಮುಖ ನೋಡಬೇಕು. ಆಸ್ಪತ್ರೆಯಲ್ಲಿ ಆಪರೇಷನ್ ಕೋಣೆಯ ಬಾಗಿಲನ್ನೇ ನೋಡುತ್ತ ಕೂತವರ ಮುಖದ ಹಾಗಿರುತ್ತದೆ.

ನಾನು ಹತ್ತನೆಯ ಬಿ ಸೆಕ್ಷನ್ನಿನ ಕ್ಲಾಸ್ ಟೀಚರ್, ಇಂಗ್ಲಿಷ್ ಕಲಿಸುತ್ತೇನೆ. ನನ್ನ ಮಗಳೂ ಅದೇ ಶಾಲೆಯಲ್ಲಿ, ಅದೇ ವರ್ಷ, ಎ ಸೆಕ್ಷನ್ನಿನಲ್ಲಿ ಓದುತ್ತಿದ್ದಳು. ಮಂಡ್ಯದಿಂದ ನಾವು ಇಲ್ಲಿಗೆ ಬಂದಾಗ ಅವಳು ಯುಕೆಜಿ. ಈಗ ನಾನು ಕನ್ನಡದಲ್ಲಿ ಕೇಳಿದರೆ ಅವಳು ತಮಿಳಿನಲ್ಲಿ ಉತ್ತರ ಕೊಡುತ್ತಾಳೆ, ಇಬ್ಬರಿಗೂ ಅದು ವಿಚಿತ್ರ ಅನ್ನಿಸುವುದಿಲ್ಲ. ಅವಳಿಗೆ ಗಣಿತ–ಜೀವಶಾಸ್ತ್ರದ ಗ್ರೂಪು ಬೇಕಿತ್ತು. ಬೇಕಿತ್ತು ಅಂತ ನಾನು ಮತ್ತು ನನ್ನ ಗಂಡ ತಿಳಿದುಕೊಂಡಿದ್ದೆವು ಅನ್ನುವುದು ಹೆಚ್ಚು ಸರಿ.

ಪರೀಕ್ಷಾ ವಿಭಾಗ ನೋಡಿಕೊಳ್ಳುತ್ತಿದ್ದ ಹಿರಿಯ ಟೀಚರ್ ಆ ವರ್ಷ ಮಗಳ ಬಾಣಂತನಕ್ಕೆ ರಜೆ ಹಾಕಿದ್ದರು. ಮೂರೂ ಸೆಕ್ಷನ್ನಿನ ಅಂಕಗಳನ್ನು ಒಂದೇ ಪಟ್ಟಿಗೆ ತರುವ ಕೆಲಸವನ್ನು ಪ್ರಿನ್ಸಿಪಾಲರು ನನಗೂ ಕಂಪ್ಯೂಟರ್ ಮಿಸ್ಸಿಗೂ ಒಪ್ಪಿಸಿದರು. ಕಂಪ್ಯೂಟರ್ ಮಿಸ್ ಆ ವರ್ಷವಷ್ಟೇ ಸೇರಿದ್ದ ಹುಡುಗಿ, ಊರಿನ ಇನ್ನೊಂದು ತುದಿಯ ಮಾಧವರಂನಿಂದ ಎರಡು ಬಸ್ಸು ಬದಲಿಸಿ ಬರುತ್ತಿದ್ದಳು. ಪ್ರೊಬೇಷನ್ ಇನ್ನೂ ಮುಗಿದಿರಲಿಲ್ಲ.

ಗುರುವಾರ ಇಬ್ಬರೂ ಲ್ಯಾಬಿನಲ್ಲಿ ಕೂತೆವು. ಒಂದೊಂದು ವಿಷಯದ ಟೀಚರೂ ಒಂದೊಂದು ಎಕ್ಸೆಲ್ ಹಾಳೆ ಕಳಿಸಿದ್ದರು. ಒಬ್ಬೊಬ್ಬರದು ಒಂದೊಂದು ಜೋಡಣೆ: ಒಬ್ಬರು ಸೆಕ್ಷನ್ನಿನ ಪ್ರಕಾರ, ಒಬ್ಬರು ಅಕ್ಷರದ ಪ್ರಕಾರ. ಹೆಸರು ಹಿಡಿದು ಹುಡುಕೋಣ ಅಂದರೆ ಒಂದೇ ಹೆಸರು, ಒಂದೇ ಇನಿಷಿಯಲ್ ಇರುವ ಇಬ್ಬರು ಹುಡುಗರಿದ್ದರು. ಯಾವ ಸೂತ್ರ ಬರೆದರೂ ಮೊದಲು ಸಿಕ್ಕವನ ಅಂಕವನ್ನೇ ಇಬ್ಬರಿಗೂ ಕೊಡುತ್ತದೆ. ಆದ್ದರಿಂದ ಅಡ್ಮಿಷನ್ ನಂಬರ್ ಹಿಡಿದೆವು.

ಇಂಗ್ಲಿಷ್, ತಮಿಳು, ಸಮಾಜ ವಿಜ್ಞಾನಕ್ಕೆ ವಿ-ಲುಕಪ್ ಹಾಕಿದೆ. ಅದು ನನಗೆ ಗೊತ್ತಿತ್ತು. ಈ ನಂಬರನ್ನು ಆ ಹಾಳೆಯ ಮೊದಲ ಕಾಲಂನಲ್ಲಿ ಹುಡುಕು, ಸಿಕ್ಕ ಸಾಲಿನಲ್ಲಿ ಮೂರನೆಯ ಕಾಲಂನಲ್ಲಿರುವುದನ್ನು ತಾ, ತದ್ವತ್ತಾಗಿ ಹೊಂದಿದರೆ ಮಾತ್ರ ತಾ ಅಂತ ಹೇಳುವುದು. ವಿಜ್ಞಾನದ ಹಾಳೆಗೆ ಅದೇ ಸೂತ್ರ ಹಾಕಿದರೆ ಮೇಲಿಂದ ಕೆಳಗಿನವರೆಗೂ #N/A ಬಂತು, ಅಂದರೆ ಸಿಗಲಿಲ್ಲ ಅಂತ. ನನಗೆ ಗಾಬರಿಯಾಯಿತು. ಕಂಪ್ಯೂಟರ್ ಮಿಸ್ ಆ ಹಾಳೆ ತೆರೆದು ಪ್ರತಿ ನಂಬರಿನ ಮೂಲೆಯಲ್ಲಿದ್ದ ಸಣ್ಣ ಹಸಿರು ತ್ರಿಕೋನ ತೋರಿಸಿದಳು.

"ಇವು ನಂಬರ್ ಅಲ್ಲ ಮಿಸ್, ನಂಬರ್ ಥರ ಕಾಣೋ ಟೆಕ್ಸ್ಟು. ನಮಗೆ ಒಂದೇ ಥರ ಕಾಣುತ್ತೆ, ಎಕ್ಸೆಲ್‌ಗೆ ಬೇರೆ ಬೇರೆ," ಅಂದಳು. ನಾವು ಮಾತಾಡುತ್ತಿದ್ದದ್ದು ತಮಿಳಿನಲ್ಲೇ. ಇಡೀ ಕಾಲಂ ಆಯ್ಕೆ ಮಾಡಿ ನಂಬರಿಗೆ ಬದಲಾಯಿಸಿದಳು, ಅಂಕಗಳು ಸಾಲಾಗಿ ಬಂದು ನಿಂತವು.

ಉಳಿದದ್ದು ಗಣಿತ. ಗಣಿತದ ಸಾರ್ ತಮ್ಮ ಹಾಳೆಯಲ್ಲಿ ಮಕ್ಕಳ ಹೆಸರನ್ನು ಅಕ್ಷರದ ಪ್ರಕಾರ ಬರೆದು, ಅಂಕವನ್ನು ನಡುವೆ ಇಟ್ಟು, ಅಡ್ಮಿಷನ್ ನಂಬರನ್ನು ಎಲ್ಲಕ್ಕಿಂತ ಕೊನೆಯಲ್ಲಿ ಹಾಕಿದ್ದರು. ವಿ-ಲುಕಪ್ ಹುಡುಕುವ ಕಾಲಂನಿಂದ ಬಲಕ್ಕೆ ಮಾತ್ರ ನೋಡುತ್ತದೆ, ಎಡಕ್ಕೆ ತಿರುಗುವುದಿಲ್ಲ. ಆಗ ಅವಳು ಇಂಡೆಕ್ಸ್ ಮತ್ತು ಮ್ಯಾಚ್ ಸೇರಿಸಿ ಬರೆದಳು. "ಮ್ಯಾಚ್ ಹುಡುಕಿ, ಈ ಹುಡುಗ ಸಾಲಿನಲ್ಲಿ ಎಷ್ಟನೆಯವನು ಅಂತ ಹೇಳುತ್ತೆ. ಇಂಡೆಕ್ಸ್ ಅಂಕಗಳ ಸಾಲಿನಲ್ಲಿ ಅಷ್ಟನೆಯದನ್ನ ಎತ್ತಿ ಕೊಡುತ್ತೆ. ನಂಬರ್ ಎಡಕ್ಕಿರಲಿ ಬಲಕ್ಕಿರಲಿ, ಇದಕ್ಕೆ ಲೆಕ್ಕ ಇಲ್ಲ," ಅಂದಳು.

ಸೂತ್ರವನ್ನು ಕೆಳಗೆಳೆದಾಗ ಗಣಿತದ ಕಾಲಂ ತುಂಬಿತು. ಒಬ್ಬಳೇ ಒಬ್ಬ ಹುಡುಗಿಯ ಎದುರು ಮಾತ್ರ #REF! ಅಂತ ಬಂತು. ಅವಳದೊಂದೇ ಏನೋ ತೊಡಕು ಅಂದುಕೊಂಡೆವು. ಶಾಲೆಯ ವ್ಯಾನ್ ಹೊರಡುವ ಹೊತ್ತಾಗಿತ್ತು. ಗಣಿತದ ಹಾಳೆಯಲ್ಲಿ ಕೊನೆಯ ಸಾಲಿನಲ್ಲಿದ್ದ ಅವಳ ಅಂಕ ನೋಡಿ ಕೈಯಾರೆ ತುಂಬಿ ಮುಚ್ಚಿದೆವು.

ಮುಚ್ಚುವ ಮುಂಚೆ ಮಗಳ ಸಾಲು ನೋಡಿದೆ. ಗಣಿತ ತೊಂಬತ್ತೊಂದು.

ಲ್ಯಾಬಿನಿಂದ ಹೊರಬಂದವಳೇ ಗಂಡನಿಗೆ ಫೋನ್ ಮಾಡಿದೆ. "ರೀ, ಅವಳಿಗೆ ಗಣಿತದಲ್ಲಿ ತೊಂಬತ್ತೊಂದು ಬಂದದೆ."

"ಸರಿಯಾಗಿ ನೋಡಿದ್ಯಾ?"

"ನಾನೇ ಪಟ್ಟಿ ಮಾಡಿದ್ದು ಕಣ್ರೀ."

"ಹೋಗ್ಲಿ, ಒಂದು ಯೋಚನೆ ಕಳೀತು," ಅಂದರು. ಆ ವರ್ಷವೆಲ್ಲ ನಮ್ಮಿಬ್ಬರ ಮಾತು ಅವಳ ಗಣಿತದ ಸುತ್ತಲೇ ಸುತ್ತುತ್ತಿತ್ತು. ರಾತ್ರಿ ಮಗಳಿಗೆ ಹೇಳಲಿಲ್ಲ. ಶುಕ್ರವಾರ ಬೆಳಿಗ್ಗೆ ಇಂಟರ್‌ವಲ್‌ನಲ್ಲಿ ನೀರಿನ ಕೊಳಾಯಿಯ ಹತ್ತಿರ ಸಿಕ್ಕಳು, ತಡೆಯಲಾಗದೆ ಕಿವಿಯಲ್ಲಿ ಹೇಳಿಬಿಟ್ಟೆ. ಅವಳು ನಗಲಿಲ್ಲ. "ನಿಜಮಾವಾ?" ಅಂತ ಒಂದೇ ಮಾತು ಕೇಳಿ, ನಿಜವಾ ಅಂತ ನನ್ನ ಮುಖವನ್ನೇ ನೋಡಿ, ಬಾಟಲಿ ತುಂಬುವ ಮುಂಚೆಯೇ ಮುಚ್ಚಳ ಹಾಕಿಕೊಂಡು ಹೋದಳು. ಖುಷಿಗೆ ಮಾತು ಬರಲಿಲ್ಲ ಅಂದುಕೊಂಡೆ.

ತಂದೆತಾಯಂದಿರ ಸಭೆ ಅವತ್ತೇ ಮಧ್ಯಾಹ್ನ ಮೂರಕ್ಕೆ. ಪ್ರಿನ್ಸಿಪಾಲರ ಸಹಿಯಾದ ಪಟ್ಟಿಯಿಂದ ಒಬ್ಬೊಬ್ಬರ ಅಂಕದ ಚೀಟಿ ಪ್ರಿಂಟಾಗಿ ಬಂದಿತ್ತು. ಊಟದ ಹೊತ್ತು ಮುಗಿದು ಕ್ಲಾಸು ಶುರುವಾಗಿದ್ದರೂ ನಾನು ಊಟ ಮಾಡದೆ ಸ್ಟಾಫ್ ರೂಮಿನಲ್ಲಿ ನನ್ನ ಸೆಕ್ಷನ್ನಿನ ಚೀಟಿಗಳನ್ನು ಲಕೋಟೆಗೆ ಹಾಕುತ್ತ ಕೂತಿದ್ದೆ. ಒಂದು ಚೀಟಿ ಅರ್ಧ ಒಳಗೆ ಹೋಗಿತ್ತು, ನನ್ನ ಕೈ ನಿಂತಿತು.

ಆ ಹುಡುಗನಿಗೆ ಗಣಿತದಲ್ಲಿ ಅರವತ್ತೆಂಟು. ಅವನು ಗಣಿತದ ಪರೀಕ್ಷೆಯನ್ನೇ ಬರೆದಿರಲಿಲ್ಲ. ಅವತ್ತು ಡೆಂಗಿ ಜ್ವರದಲ್ಲಿ ಆಸ್ಪತ್ರೆಯಲ್ಲಿದ್ದ. ಪ್ಲೇಟ್‌ಲೆಟ್ ಇಳಿಯುತ್ತಿದೆ ಅಂತ ಅವನ ತಾಯಿ ಫೋನಿನಲ್ಲಿ ಅಳುತ್ತ ಹೇಳಿದ್ದನ್ನು ಕೇಳಿದವಳು ನಾನೇ.

ಟೈಪಿಂಗಿನ ತಪ್ಪಿರಬಹುದು ಅಂತ ಮನಸ್ಸಿಗೆ ಹೇಳಿಕೊಂಡೆ. ಆದರೆ ನಾವು ಗಣಿತದ ಅಂಕಗಳನ್ನು ಟೈಪ್ ಮಾಡಿರಲಿಲ್ಲ, ಸೂತ್ರ ತಂದಿತ್ತು. ಸೂತ್ರ ಒಬ್ಬನಿಗೆ ಮಾತ್ರ ಸುಳ್ಳು ಹೇಳುವುದಿಲ್ಲ. ಊಟದ ಡಬ್ಬಿ ಅಲ್ಲೇ ಬಿಟ್ಟು ಲ್ಯಾಬಿಗೆ ಹೋದೆ.

ಕಂಪ್ಯೂಟರ್ ಮಿಸ್ ಕ್ಲಾಸಿನಲ್ಲಿದ್ದಳು. ನಾನೊಬ್ಬಳೇ ಫೈಲ್ ತೆರೆದು ಆ ಹುಡುಗನ ಗಣಿತದ ಅಂಕವಿದ್ದ ಚೌಕದ ಮೇಲೆ ಕ್ಲಿಕ್ ಮಾಡಿ ಸೂತ್ರವನ್ನು ಮಕ್ಕಳು ಓದುವ ಹಾಗೆ ಅಕ್ಷರ ಅಕ್ಷರವಾಗಿ ಓದಿದೆ. ಕೆಳಗೆಳೆದಾಗ ಸಾಲುಗಳು ಜಾರದಂತೆ ಹಿಡಿಯುವ ಡಾಲರ್ ಗುರುತುಗಳು ಎಲ್ಲ ಸರಿಯಾಗಿದ್ದವು, ತದ್ವತ್ತಾಗಿ ಹೊಂದಬೇಕು ಅನ್ನುವ ಕೊನೆಯ ಸೊನ್ನೆಯೂ ಇತ್ತು. ಇಂಡೆಕ್ಸ್ ಅಂಕ ಎತ್ತುತ್ತಿದ್ದದ್ದು D2ರಿಂದ D130ರವರೆಗೆ. ಮ್ಯಾಚ್ ನಂಬರ್ ಹುಡುಕುತ್ತಿದ್ದದ್ದು F1ರಿಂದ F130ರವರೆಗೆ.

ಒಂದು ಎರಡರಿಂದ ಶುರು, ಇನ್ನೊಂದು ಒಂದರಿಂದ. ಮ್ಯಾಚ್ ತಲೆಬರಹದ ಸಾಲನ್ನೂ ಸೇರಿಸಿ ಎಣಿಸುತ್ತಿತ್ತು, ಇಂಡೆಕ್ಸ್ ಅದನ್ನು ಬಿಟ್ಟು ಎಣಿಸುತ್ತಿತ್ತು. ಐವತ್ತೇಳನೆಯವನು ಅಂತ ಮ್ಯಾಚ್ ಹೇಳಿದರೆ ಇಂಡೆಕ್ಸ್ ಎತ್ತಿಕೊಡುತ್ತಿದ್ದದ್ದು ಐವತ್ತೆಂಟನೆಯ ಸಾಲಿನದು. ಗಣಿತದ ಹಾಳೆಗೆ ಹೋಗಿ ನೋಡಿದೆ. ಹುಡುಗನ ಎದುರು ಸಾರ್ ಸ್ಪಷ್ಟವಾಗಿ ಎಬಿ, ಅಂದರೆ ಆಬ್ಸೆಂಟ್, ಅಂತ ಹಾಕಿದ್ದರು. ಅವನ ಕೆಳಗಿನವಳಿಗೆ ಅರವತ್ತೆಂಟು.

ಪ್ರತಿಯೊಂದು ಮಗುವಿಗೂ ತನ್ನ ಕೆಳಗಿನ ಮಗುವಿನ ಅಂಕ ಬಂದಿತ್ತು. ಕೊನೆಯ ಹುಡುಗಿಯ ಕೆಳಗೆ ಯಾರೂ ಇರಲಿಲ್ಲ, ಅದಕ್ಕೇ ಅವಳಿಗೆ #REF! ಬಂದದ್ದು. ನಾವು ಆ ಎಚ್ಚರಿಕೆಯ ಮೇಲೆ ಅಂಕ ಬರೆದು ಮುಚ್ಚಿದ್ದೆವು. #N/A ಬಂದಾಗ ಗಾಬರಿಯಾಗಿದ್ದೆನಲ್ಲ, ಅದು ಎಷ್ಟೋ ವಾಸಿಯಾಗಿತ್ತು. ಸಿಗಲಿಲ್ಲ ಅಂತಾದರೂ ಹೇಳಿತ್ತು. ಇದು ನಂಬುವಂಥ ಅಂಕಗಳನ್ನೇ ಕೊಟ್ಟಿತ್ತು. ನಮ್ಮ ಪಟ್ಟಿ ಸೆಕ್ಷನ್ನಿನ ಪ್ರಕಾರ, ಗಣಿತದ್ದು ಅಕ್ಷರದ ಪ್ರಕಾರ. ಒಂದರ ಪಕ್ಕ ಒಂದಿಟ್ಟು ನೋಡಿದರೂ ಕಣ್ಣಿಗೆ ಬೀಳುವ ಹಾಗಿರಲಿಲ್ಲ.

ಗಣಿತದ ಹಾಳೆಯಲ್ಲಿ ಮಗಳ ಹೆಸರು ಹುಡುಕಿದೆ. ಅವಳ ಕೆಳಗಿದ್ದವನು ಯಾವಾಗಲೂ ಪರೀಕ್ಷೆಯಲ್ಲಿ ಕ್ಲಾಸಿಗೇ ಮೊದಲು ಬರುವ ಹುಡುಗ, ತೊಂಬತ್ತೊಂದು ಅವನದು. ನನ್ನ ಮಗಳದು ಐವತ್ತೆರಡು.

ಫ್ಯಾನು ತಿರುಗುತ್ತಿತ್ತು, ವಿಮಾನವೊಂದು ಇಳಿಯುತ್ತ ಕಿಟಕಿಯ ಗಾಜು ಅದುರಿಸಿತು. ಈ ಕೋಣೆಯಲ್ಲಿ ನನಗೊಬ್ಬಳಿಗೇ ಗೊತ್ತು ಅನ್ನುವುದು ಮನಸ್ಸಿಗೆ ಬಂತು. ಡೆಂಗಿಯ ಹುಡುಗನ ಚೀಟಿಯೊಂದನ್ನು ಸರಿಮಾಡಿ ಲಕೋಟೆಗೆ ಹಾಕಿದರೆ ಇವತ್ತಿನ ಮಟ್ಟಿಗೆ ಯಾರೂ ಕೇಳುವುದಿಲ್ಲ ಅನ್ನುವುದೂ ಬಂತು. ಆದರೆ ಮೊದಲು ಬರುವ ಹುಡುಗನಿಗೆ ಅವನ ಕೆಳಗಿನವನ ನಲವತ್ತು ಹೋಗಿತ್ತು. ಆ ಹುಡುಗ ನಮ್ಮ ಮನೆಗೆ ಬಂದು ನನ್ನ ಕೈಯ ಉಪ್ಪಿಟ್ಟು ತಿಂದವನು. ಅವನ ಅಪ್ಪ ಇನ್ನೊಂದು ತಾಸಿನಲ್ಲಿ ಆ ಚೀಟಿ ಕೈಗೆ ತೆಗೆದುಕೊಳ್ಳುತ್ತಾನೆ. ಎದ್ದೆ.

ಕಂಪ್ಯೂಟರ್ ಮಿಸ್ಸನ್ನು ಕ್ಲಾಸಿನಿಂದ ಹೊರಗೆ ಕರೆದು ಹೇಳಿದೆ. "ನನ್ನ ಕೆಲಸ ಹೋಗುತ್ತೆ ಮಿಸ್," ಅಂದಳು ಮೆಲ್ಲಗೆ.

"ಇಬ್ಬರೂ ಕೂತು ಮಾಡಿದ್ದು. ಇಬ್ಬರೂ ಹೋಗಿ ಹೇಳೋಣ, ಬಾ."

ಪ್ರಿನ್ಸಿಪಾಲರು ಅರವತ್ತು ದಾಟಿದ ಹೆಂಗಸು, ದನಿ ಎತ್ತಿದ್ದನ್ನು ನಾನು ಕಂಡಿಲ್ಲ. ಪೂರ್ತಿ ಕೇಳಿಸಿಕೊಂಡು, "ಬೇರೆ ಯಾರಿಗೆ ಗೊತ್ತು?" ಅಂದರು.

"ಯಾರಿಗೂ ಇಲ್ಲ ಮೇಡಂ."

"ಇವತ್ತು ಕೊಟ್ಟುಬಿಡಿ, ಸೋಮವಾರ ತಿದ್ದಿದ ಚೀಟಿ ಕಳಿಸೋಣ ಅಂದರೆ?"

ಅದು ಅಪ್ಪಣೆಯೋ ಪ್ರಶ್ನೆಯೋ ತಿಳಿಯಲಿಲ್ಲ. "ಮೇಡಂ, ಇವತ್ತು ಗ್ರೂಪ್ ಇಲ್ಲ ಅನ್ನಿಸಿಕೊಂಡು ಮನೆಗೆ ಹೋಗೋ ಮಕ್ಕಳಿಗೆ ಸೋಮವಾರ ತುಂಬಾ ದೂರ," ಅಂದೆ. ಆಮೇಲೆ, ಹೇಳದಿದ್ದರೆ ಇನ್ನೆಂದೂ ಹೇಳಲಾರೆ ಅನ್ನಿಸಿ, "ಈ ತಪ್ಪಿನಿಂದ ಲಾಭ ಆಗಿರೋದು ನನ್ನ ಮಗಳಿಗೆ. ತೊಂಬತ್ತೊಂದು ಅಂತಿದೆ, ನಿಜವಾಗಿ ಐವತ್ತೆರಡು," ಅಂದೆ.

ಅವರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. ಎದುರಿನ ಗಡಿಯಾರ ನೋಡಿದರು. "ಹಾಲ್‌ನಲ್ಲಿ ಪೇರೆಂಟ್ಸನ್ನ ನಾನು ನೋಡಿಕೊಳ್ತೇನೆ. ನೀವು ಸರಿ ಮಾಡಿ. ಆದರೆ ಇನ್ನೊಂದು ಸಲ ತಪ್ಪಬಾರದು. ಗಣಿತದ ಸಾರ್ ಜೊತೆಗಿರಲಿ. ನಿಮ್ಮ ಮಗಳ ಪೇಪರ್ ಅವರೇ ಓದಲಿ, ನೀವು ಮುಟ್ಟಬೇಡಿ."

ಗಣಿತದ ಸಾರ್ ಉತ್ತರ ಪತ್ರಿಕೆಗಳ ಕಟ್ಟು ಹೊತ್ತು ಲ್ಯಾಬಿಗೆ ಬಂದರು. ಸೂತ್ರ ತಿದ್ದುವುದು ಏನೂ ಕಷ್ಟವಿರಲಿಲ್ಲ, F1 ಇದ್ದದ್ದನ್ನು F2 ಮಾಡಿ ಮತ್ತೆ ಕೆಳಗೆಳೆದದ್ದಷ್ಟೆ. ಡೆಂಗಿಯ ಹುಡುಗನ ಎದುರು ಎಬಿ ಬಂತು. ಆದರೆ ಆ ಪರದೆಯ ಮೇಲೆ ನನಗೆ ನಂಬಿಕೆ ಉಳಿದಿರಲಿಲ್ಲ. "ಬೇರೆ ದಾರಿಯಲ್ಲೂ ತಂದು ನೋಡೋಣ, ಎರಡೂ ಒಂದೇ ಬರುತ್ತಾ ಅಂತ," ಅಂದೆ.

ಗಣಿತದ ಹಾಳೆಯ ಮುಂಭಾಗದಲ್ಲಿ ಒಂದು ಹೊಸ ಕಾಲಂ ಸೇರಿಸಿ ಅಡ್ಮಿಷನ್ ನಂಬರನ್ನು ಅಲ್ಲಿಗೂ ನಕಲು ಮಾಡಿದೆವು. ಇಂಡೆಕ್ಸ್ ಸೂತ್ರದಲ್ಲಿ D ಇದ್ದದ್ದು ತಾನಾಗಿಯೇ E ಆಯಿತು, F ಇದ್ದದ್ದು G ಆಯಿತು, ಅಂಕಗಳು ಕದಲಲಿಲ್ಲ. ಕಾಲಂ ಸೇರಿಸಿದರೆ ವಿ-ಲುಕಪ್‌ಗೆ ಆ ಬುದ್ಧಿಯಿಲ್ಲ. ನಾಲ್ಕನೆಯ ಕಾಲಂ ಅಂತ ಮೊದಲೇ ಬರೆದಿದ್ದರೆ ನಾಲ್ಕನೆಯದನ್ನೇ ತರುತ್ತದೆ, ಅಲ್ಲಿ ಈಗ ಏನಿದ್ದರೂ ಸರಿ. ಆದ್ದರಿಂದ ಬೆರಳಿಟ್ಟು ಎಣಿಸಿ ಐದು ಅಂತ ಹಾಕಿ ಹೊಸದಾಗಿ ಬರೆದೆ, ಕೆಳಗೆಳೆದೆ.

ಅರ್ಧಕ್ಕರ್ಧ ಅಂಕಗಳು ಹೊಂದಲಿಲ್ಲ. ಕೆಲವರಿಗೆ #N/A, ಕೆಲವರಿಗೆ ಯಾರದೋ ಅಂಕ. ಮೊದಲಿನದು ತಪ್ಪು, ತಿದ್ದಿದ್ದು ತಪ್ಪು, ಇದೂ ತಪ್ಪು. ಹಾಲ್‌ನಿಂದ ಕುರ್ಚಿ ಎಳೆಯುವ ಸದ್ದು ಕೇಳಿಸಲು ಶುರುವಾಗಿತ್ತು.

"ಮಿಸ್, ಕೊನೇದು ಹಾಕಿಲ್ಲ ನೀವು," ಅಂದಳು ಕಂಪ್ಯೂಟರ್ ಮಿಸ್. ತದ್ವತ್ತಾಗಿ ಹೊಂದಿದರೆ ಮಾತ್ರ ಅನ್ನುವ ಕೊನೆಯ ಮಾತನ್ನು ಅವಸರದಲ್ಲಿ ಬಿಟ್ಟಿದ್ದೆ. ಅದನ್ನು ಬಿಟ್ಟರೆ ವಿ-ಲುಕಪ್ ನಂಬರುಗಳು ಏರುವ ಕ್ರಮದಲ್ಲಿವೆ ಅಂತ ತಾನೇ ಭಾವಿಸಿಕೊಂಡು, ಹತ್ತಿರದ್ದು ಅನ್ನಿಸಿದ ಕಡೆ ನಿಂತುಬಿಡುತ್ತದೆ. ನಮ್ಮ ನಂಬರುಗಳು ಅಕ್ಷರದ ಕ್ರಮದಲ್ಲಿ ಚೆಲ್ಲಾಪಿಲ್ಲಿಯಾಗಿದ್ದವು. ಅವಳು ನನ್ನ ಕೈಯಿಂದ ಮೌಸ್ ತೆಗೆದುಕೊಂಡು ಅದನ್ನು ಸೇರಿಸಿದಳು. ಎರಡು ಕಾಲಂಗಳೂ ಸಾಲಿಗೆ ಸಾಲು ಹೊಂದಿದವು.

ಅಷ್ಟಾದರೂ ಗಣಿತದ ಸಾರ್ ಕಟ್ಟು ಬಿಚ್ಚಿ ಒಂದೊಂದೇ ಪತ್ರಿಕೆಯ ಅಂಕ ಓದಿದರು, ನಾನು ಪರದೆಯಲ್ಲಿ ನೋಡಿ "ಸರಿ" ಅನ್ನುತ್ತ ಹೋದೆ. ಮಗಳ ಪತ್ರಿಕೆ ಬಂದಾಗ ಅವರ ದನಿ ತಗ್ಗಿತು. "ಐವತ್ತೆರಡು." ನಾನು "ಸರಿ" ಅಂದೆ. ಅವರು ಮುಂದಿನದನ್ನು ಎತ್ತಿಕೊಳ್ಳದೆ ಒಂದು ಕ್ಷಣ ನಿಂತರು. "ನಿಮಗೆ ಗೊತ್ತಿದೆ ಅಂದುಕೊಂಡಿದ್ದೆ ಮಾ. ಎಲ್ಲರ ಎದುರು ಹೇಗೆ ಹೇಳೋದು ಅಂತ ಈ ವಾರವೆಲ್ಲ ನಿಮ್ಮ ಕಣ್ಣು ತಪ್ಪಿಸಿಕೊಂಡು ಓಡಾಡಿದೆ," ಅಂದರು. ನಾನು ಅದನ್ನು ಗಮನಿಸಿಯೇ ಇರಲಿಲ್ಲ.

ಅವತ್ತು ಶುಕ್ರವಾರದ ಸಂತೆ. ರಸ್ತೆಯುದ್ದಕ್ಕೂ ಹಳೆ ಫ್ಯಾನು, ಗಿಡ, ಕೋಳಿಗಳ ನಡುವೆ ಗಾಡಿಗಳು ಸಿಕ್ಕಿಕೊಂಡು, ಅರ್ಧ ಜನ ತಡವಾಗಿಯೇ ಬಂದರು. ಬಂದವರಿಗೆ ಪ್ರಿನ್ಸಿಪಾಲರು ಟೀ ಕೊಡಿಸಿದರು. ಆಮೇಲೆ ಮೈಕಿನಲ್ಲಿ, ಪಟ್ಟಿಯಲ್ಲಿ ಒಂದು ತಪ್ಪು ಕಂಡಿದೆ, ಸರಿಮಾಡುತ್ತಿದ್ದೇವೆ, ಕಾಯಬೇಕು ಅಂತ ನೇರವಾಗಿಯೇ ಹೇಳಿ, ಮಕ್ಕಳ ಮೊಬೈಲಿನ ಬಗ್ಗೆ ಉದ್ದವಾಗಿ ಮಾತಾಡಿದರು. ಯಾರೋ ಒಬ್ಬರು ಗೊಣಗಿದರಂತೆ. ಹಳೆಯ ಚೀಟಿಗಳನ್ನು ನಾನೇ ಹರಿದು ಹಾಕಿದೆ. ಹೊಸವು ಪ್ರಿಂಟರಿನಿಂದ ಬೆಚ್ಚಗೆ ಬರುತ್ತಿದ್ದಾಗ ಮೊದಲು ಬರುವ ಹುಡುಗನ ಚೀಟಿಯನ್ನು ಮಾತ್ರ ಎರಡು ಸಲ ನೋಡಿದೆ.

ಈಗ ಮಗಳಿಗೆ ಹೇಳಬೇಕಿತ್ತು. ಅವಳು ಮೆಟ್ಟಿಲಿನ ಕೆಳಗೆ ಬ್ಯಾಗು ಮಡಿಲಲ್ಲಿಟ್ಟುಕೊಂಡು ಒಬ್ಬಳೇ ಕೂತಿದ್ದಳು. ಪಕ್ಕದಲ್ಲಿ ಕೂತೆ.

"ಪುಟ್ಟಿ, ಬೆಳಿಗ್ಗೆ ಹೇಳಿದ್ನಲ್ಲ, ಅದು ತಪ್ಪು ಕಣೆ. ಬೇರೆಯವರ ಅಂಕ ನಿನಗೆ ಬಂದುಬಿಟ್ಟಿತ್ತು."

"ತೆರಿಯುಂ ಮಾ," ಅಂದಳು. ಗೊತ್ತಿತ್ತಂತೆ. ಮುಂದಿನದನ್ನು, ನನಗೆ ಆಶ್ಚರ್ಯವಾಗುವಂತೆ, ತಡವರಿಸುತ್ತ ಕನ್ನಡದಲ್ಲೇ ಹೇಳಿದಳು. "ನಾನು ಗ್ರಾಫ್ ಸಮ್ ಮುಟ್ಲೇ ಇಲ್ಲ. ಜಾಮೆಟ್ರೀನೂ ಇಲ್ಲ. ತೊಂಬತ್ತೊಂದು ಹೇಗೆ ಬರುತ್ತೆ? ನೀನು ಅಷ್ಟು ಖುಷೀಲಿ ಹೇಳಿದ್ಯಲ್ಲ, ನನಗೆ ಭಯ ಆಯ್ತು. ಯಾರಾದ್ರೂ ನೀನೇ ಹಾಕಿಕೊಟ್ಟೆ ಅಂದ್ರೆ ಏನ್ಮಾಡೋದು ಅಂತ ಮಧ್ಯಾಹ್ನ ಊಟಾನೂ ಮಾಡ್ಲಿಲ್ಲ."

ನನಗೆ ಆ ಯೋಚನೆ ಒಂದು ಸಲವೂ ಬಂದಿರಲಿಲ್ಲ. ನಾನು ಅವಳ ಗ್ರೂಪಿಗಾಗಿ ಹೆದರುತ್ತಿದ್ದೆ, ಅವಳು ನನಗಾಗಿ ಹೆದರುತ್ತಿದ್ದಳು.

"ಎಷ್ಟು ನಿಜವಾಗಿ?" ಅಂತ ಕೇಳಿದಳು.

"ಐವತ್ತೆರಡು."

"ನಾನು ನಲವತ್ತೈದು ಅಂದುಕೊಂಡಿದ್ದೆ," ಅಂದಳು. ಮಡಿಲಿನ ಬ್ಯಾಗನ್ನು ಪಕ್ಕಕ್ಕಿಟ್ಟು, "ಮಾ, ನನಗೆ ಮ್ಯಾತ್ಸ್ ವೇಂಡಾಂ. ಅಪ್ಪನಿಗೆ ನೀನೇ ಹೇಳ್ತೀಯಾ?" ಅಂದಳು. ಗಣಿತ ಬೇಡ ಅನ್ನುವ ಆ ಮಾತನ್ನು ಅವಳು ವರ್ಷದಿಂದ ನುಂಗಿಕೊಂಡಿದ್ದಿರಬೇಕು. ಹೇಳುತ್ತೇನೆ ಅಂದೆ. ಇಬ್ಬರೂ ಸೇರಿ ನನ್ನ ಡಬ್ಬಿಯ ತಣ್ಣಗಾದ ಚಿತ್ರಾನ್ನ ತಿಂದೆವು.

ಹೇಳುವುದು ಸುಲಭವಾಗಲಿಲ್ಲ. ನನ್ನ ಗಂಡ ಎರಡು ದಿನ ಸರಿಯಾಗಿ ಮಾತಾಡಲಿಲ್ಲ. ಅವರಿಗೆ ಸಿಟ್ಟಿದ್ದದ್ದು ಐವತ್ತೆರಡರ ಮೇಲಲ್ಲ, ತೊಂಬತ್ತೊಂದನ್ನು ತಾವು ಊರಿಗೆ ಫೋನ್ ಮಾಡಿ ತಮ್ಮ ಅಕ್ಕನಿಗೆ ಹೇಳಿಬಿಟ್ಟಿದ್ದಕ್ಕೆ. ಆಮೇಲೆ ಒಂದು ಸಂಜೆ ಮಗಳನ್ನು ಕರೆದುಕೊಂಡು ಕಡಲ ತೀರಕ್ಕೆ ಹೋದರು. ಬಂದವರು ಅಲ್ಲಿ ಏನು ಮಾತಾಡಿದೆವು ಅಂತ ಇಬ್ಬರೂ ಹೇಳಲಿಲ್ಲ. ಗಣಿತವಿಲ್ಲದ ವಿಜ್ಞಾನದ ಗ್ರೂಪಿನ ಅರ್ಜಿಗೆ ಅವರೇ ಸಹಿ ಹಾಕಿದ್ದರು.

ಕಂಪ್ಯೂಟರ್ ಮಿಸ್ಸಿನ ಕೆಲಸ ಉಳಿಯಿತು. ಪ್ರಿನ್ಸಿಪಾಲರು ನಮ್ಮಿಬ್ಬರನ್ನೂ ಕರೆದು ಗದರಲಿಲ್ಲ, ಮುಂದಿನ ಪರೀಕ್ಷೆಯಿಂದ ಎಲ್ಲ ವಿಷಯದವರೂ ಅಡ್ಮಿಷನ್ ನಂಬರನ್ನು ಮೊದಲ ಕಾಲಂನಲ್ಲೇ ಹಾಕಬೇಕು ಅಂತ ಒಂದು ಸುತ್ತೋಲೆ ಹೊರಡಿಸಿದರು. ಗಣಿತದ ಸಾರ್ ಅದಕ್ಕೆ ಸಹಿ ಹಾಕಿದರು, ಪಾಲಿಸಲಿಲ್ಲ. ಡೆಂಗಿಯ ಹುಡುಗನಿಗೆ ಬೇರೆ ಪ್ರಶ್ನೆಪತ್ರಿಕೆ ಕೊಟ್ಟು ಪರೀಕ್ಷೆ ಮಾಡಿದರು, ಅವನಿಗೆ ಎಪ್ಪತ್ತಾರು ಬಂತು.

ಮಗಳು ಈಗ ಹನ್ನೊಂದರಲ್ಲಿದ್ದಾಳೆ. ಸಸ್ಯಶಾಸ್ತ್ರದ ರೆಕಾರ್ಡ್ ಪುಸ್ತಕದಲ್ಲಿ ಎಲೆಯ ಅಡ್ಡಸೀಳಿಕೆಯ ಚಿತ್ರ ಬರೆಯುತ್ತ ಊಟಕ್ಕೆ ಕರೆದರೂ ಏಳುವುದಿಲ್ಲ. ಪಟ್ಟಿ ಮಾಡುವ ಕೆಲಸ ಈ ವರ್ಷವೂ ನಮ್ಮಿಬ್ಬರ ಪಾಲಿಗೇ ಬಂದಿದೆ. ಪ್ರಿಂಟ್ ಕೊಡುವ ಮುಂಚೆ ಪಟ್ಟಿಯ ಮೇಲಿನಿಂದ ಒಬ್ಬರು, ನಡುವಿನಿಂದ ಒಬ್ಬರು, ಕೆಳಗಿನಿಂದ ಒಬ್ಬರು, ಪರೀಕ್ಷೆಗೆ ಬಾರದವರೆಲ್ಲರು, ಇಷ್ಟು ಮಕ್ಕಳ ಪತ್ರಿಕೆ ತೆಗೆಸಿ ಕಣ್ಣಾರೆ ನೋಡುತ್ತೇವೆ. ಆದರೂ ಲಕೋಟೆ ಅಂಟಿಸುವ ಮುಂಚೆ ಒಂದೊಂದು ಚೀಟಿಯನ್ನೂ ಇನ್ನೊಮ್ಮೆ ಹೊರತೆಗೆದು ನೋಡುತ್ತೇನೆ.